ಅಟ್ಟದ ಮಾಡು ಕಾಗದಕ್ಕಿಳಿಯುವಾಗ

ಮಲೆನಾಡು, ಕರಾವಳಿಯ ಹೆಂಚಿನ ಮನೆಗಳ ಅಟ್ಟವನ್ನು ಈಗ ಹಲವರು ಮಲಗುವ ಕೋಣೆಯಾಗಿಯೋ ಹೋಮ್‌ಸ್ಟೇಯ ಕೋಣೆಯಾಗಿಯೋ ಮಾಡಿಕೊಳ್ಳುತ್ತಿದ್ದಾರೆ. ಪಕ್ಕಾಸುಗಳನ್ನು ಮುಚ್ಚದೆ ಹಾಗೇ ಕಾಣಬಿಟ್ಟು, ಅವುಗಳ ಮೇಲೆ ಹಲಗೆ ಹೊದಿಸಿ, ಅದರ ಮೇಲೆ ಹೆಂಚು ಹಾಸುತ್ತಾರೆ. ಕೆಲಸ ಶುರುವಾಗುವ ಮೊದಲು ಕೋಣೆ ಹೇಗೆ ಕಾಣುತ್ತದೆಂದು ಮನೆಯವರಿಗೆ ತೋರಿಸಲು ಒಂದು ಚಿತ್ರ ಬೇಕಾಗುತ್ತದೆ. ಮಂಚ, ಕಿಟಕಿ, ದೀಪ ಎಲ್ಲ ಚೆನ್ನಾಗಿ ಮೂಡಿದ್ದರೂ ಇಂಥ ಚಿತ್ರಗಳಲ್ಲಿ ಮಾಡು ಮಾತ್ರ ಏನೋ ಸರಿಯಿಲ್ಲ ಅನ್ನಿಸುವುದುಂಟು. ಹೆಚ್ಚಿನ ಸಲ ತಪ್ಪಿರುವುದು ಪಕ್ಕಾಸುಗಳ ನಡುವಿನ ಅಂತರದಲ್ಲಿ.

ಒಂದು ಕೋಣೆಯನ್ನೇ ಹಿಡಿದು ನೋಡೋಣ. ಅಗಲ 12 ಅಡಿ, ಉದ್ದ 14 ಅಡಿ. ಪಕ್ಕದ ಗೋಡೆಗಳು 4 ಅಡಿ ಎತ್ತರ, ಮಾಡಿನ ನೆತ್ತಿ ನೆಲದಿಂದ 8 ಅಡಿ. ಅಂದರೆ 6 ಅಡಿ ಒಳಕ್ಕೆ ಬರುವಷ್ಟರಲ್ಲಿ ಪಕ್ಕಾಸು 4 ಅಡಿ ಏರುತ್ತದೆ, ಇಳಿಜಾರು ಸುಮಾರು 34 ಡಿಗ್ರಿ. ಎರಡೆರಡು ಅಡಿಗೆ ಒಂದರಂತೆ ಪ್ರತಿ ಮಗ್ಗುಲಿಗೆ ಎಂಟು ಪಕ್ಕಾಸು. ಎಂಟನೆಯದು ಎದುರಿನ ತ್ರಿಕೋನ ಗೋಡೆಗೆ ತಾಗಿದೆ. ನೋಡುವವರು ಕೋಣೆಯ ಉದ್ದಕ್ಕೆ ಆ ಗೋಡೆಯನ್ನೇ ನೋಡುತ್ತಿದ್ದಾರೆ, ಕಣ್ಣಿನ ಮಟ್ಟ 5 ಅಡಿ. ಮೊದಲ ಪಕ್ಕಾಸಿನಿಂದ ಅವರು 10 ಅಡಿ ಹಿಂದೆ ನಿಂತಿದ್ದಾರೆ. ನಿಜವಾದ ಕೋಣೆಯಲ್ಲಿ ಅಷ್ಟು ಹಿಂದೆ ಸರಿಯಲು ಬೆನ್ನಹಿಂದಿನ ಗೋಡೆ ಬಿಡುವುದಿಲ್ಲ. ಚಿತ್ರದಲ್ಲಿ ಅದನ್ನು ತೆಗೆದುಹಾಕಿದರಾಯಿತು. ಇದಕ್ಕಿಂತ ತೀರಾ ಹತ್ತಿರ ನಿಂತರೆ ಚಿತ್ರದ ಅಂಚುಗಳು ಎಳೆದಂತಾಗಿ ಕೋಣೆ ಸುರಂಗದಂತೆ ಕಾಣುತ್ತದೆ.

ನೋಟದ ಉದ್ದಕ್ಕೆ ಸಾಗುವ ಗೆರೆಗಳೆಲ್ಲ, ಅಂದರೆ ನೆತ್ತಿಯ ತೊಲೆ, ಗೋಡೆಯ ಮೇಲಿನ ತೊಲೆ, ನೆಲದ ಅಂಚು, ಕಣ್ಣಿನ ಮಟ್ಟದಲ್ಲಿರುವ ಒಂದೇ ಬಿಂದುವಿಗೆ ಹೋಗಿ ಸೇರುತ್ತವೆ. ಕಲಾಶಾಲೆಗಳಲ್ಲಿ ವ್ಯಾನಿಶಿಂಗ್ ಪಾಯಿಂಟ್ ಎನ್ನುವ ಇದನ್ನು ಇಲ್ಲಿ ಕೂಡುಬಿಂದು ಎನ್ನೋಣ. ಪಕ್ಕಾಸುಗಳು ಈ ಬಿಂದುವಿಗೆ ಸೇರುವುದಿಲ್ಲ. ಅವು ನೋಟಕ್ಕೆ ಅಡ್ಡಲಾಗಿ ನಿಂತಿವೆ, ಆದ್ದರಿಂದ ಮೊದಲನೆಯದರಿಂದ ಎಂಟನೆಯದರವರೆಗೆ ಒಂದೇ ಮಗ್ಗುಲಿನ ಎಲ್ಲವೂ ಕಾಗದದ ಮೇಲೆ ಅದೇ 34 ಡಿಗ್ರಿಯಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ದೂರ ಹೋದಂತೆ ಓರೆಯನ್ನು ಸ್ವಲ್ಪ ಬದಲಿಸಿದರೆ ಸಹಜವಾಗಿ ಕಂಡೀತು ಎಂದು ಕೈ ತಾನಾಗಿ ತಿರುಗುತ್ತದೆ. ಹಾಗೆ ಮಾಡಿದರೆ ಮಾಡು ತಿರುಚಿದಂತೆ ಕಾಣುತ್ತದೆ. ಸೆಟ್‌ಸ್ಕ್ವೇರನ್ನು ಸ್ಕೇಲಿನ ಗುಂಟ ಜಾರಿಸಿದರೆ ಎಲ್ಲ ಪಕ್ಕಾಸುಗಳಿಗೂ ತಾಗಬೇಕು, ಅದೇ ಪರೀಕ್ಷೆ.

ಬದಲಾಗುವುದು ಉದ್ದ ಮತ್ತು ಅಂತರ. ಎ3 ಹಾಳೆಯನ್ನು ಅಡ್ಡಲಾಗಿಟ್ಟು, ಮೊದಲ ಪಕ್ಕಾಸಿನ ಬಳಿ ಒಂದು ಅಡಿಗೆ 3 ಸೆಂ.ಮೀ. ಎಂದುಕೊಳ್ಳೋಣ. ಆಗ ಅದರ ಬುಡ ಕೂಡುಬಿಂದುವಿನಿಂದ ಅಡ್ಡಕ್ಕೆ 18 ಸೆಂ.ಮೀ. ದೂರದಲ್ಲಿ ಬರುತ್ತದೆ. ವಸ್ತು ಎಷ್ಟು ಪಟ್ಟು ದೂರವಾಯಿತೋ ಅಷ್ಟು ಪಟ್ಟು ಅದು ಕಿರಿದಾಗುತ್ತದೆ. ಹತ್ತು ಅಡಿಗೆ 18 ಆದರೆ 12 ಅಡಿ ದೂರದ ಎರಡನೆಯದಕ್ಕೆ 15. ಅಂದರೆ 180ನ್ನು ದೂರದ ಅಡಿಗಳಿಂದ ಭಾಗಿಸುತ್ತ ಹೋದರೆ ಸಾಕು. ಮೂರನೆಯದು 12.9, ನಾಲ್ಕನೆಯದು 11.25, ಐದನೆಯದು 10, ಮುಂದೆ 9, 8.2, ಕೊನೆಯದು 7.5 ಸೆಂ.ಮೀ. ಮೊದಲ ಅಂತರ 3 ಸೆಂ.ಮೀ. ಇದ್ದದ್ದು ಕೊನೆಗೆ ಏಳು ಮಿಲಿಮೀಟರಿಗೆ ಇಳಿಯುತ್ತದೆ.

ಈ ಲೆಕ್ಕ ಗೊತ್ತಿಲ್ಲದವರು ಸಾಮಾನ್ಯವಾಗಿ ಒಂದು ಅಡ್ಡದಾರಿ ಹಿಡಿಯುತ್ತಾರೆ. ಎರಡನೇ ಅಂತರ ಮೊದಲನೆಯದರ ಇಷ್ಟು ಭಾಗ, ಮೂರನೆಯದು ಎರಡನೆಯದರ ಅಷ್ಟೇ ಭಾಗ, ಹೀಗೆ ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತಾರೆ. ಇದು ಹೊಸ ತಪ್ಪಲ್ಲ. ಇಟಲಿಯ ಲಿಯಾನ್ ಬಟಿಸ್ಟಾ ಆಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ, ನೆಲದ ಚೌಕಗಳನ್ನು ಹೀಗೆ ಪ್ರತಿ ಸಾಲಿಗೂ ಮೂರರಲ್ಲಿ ಎರಡು ಪಾಲಿಗೆ ಇಳಿಸುವ ಚಿತ್ರಕಾರರನ್ನು ತಿದ್ದಿದ್ದಾನೆ. ನಮ್ಮ ಕೋಣೆಯಲ್ಲಿ ಈ ಅಡ್ಡದಾರಿ ಎಲ್ಲಿಗೆ ಒಯ್ಯುತ್ತದೆ ನೋಡಿ. ಮೊದಲೆರಡು ಅಂತರಗಳು ಸರಿಯಾಗಿಯೇ ಇವೆ ಎಂದುಕೊಳ್ಳಿ: 3 ಮತ್ತು 2.14, ಅಂದರೆ ಏಳರಲ್ಲಿ ಐದು ಪಾಲು. ಅದೇ ಪಾಲನ್ನು ಮುಂದುವರಿಸಿದರೆ ಎಲ್ಲ ಅಂತರಗಳ ಮೊತ್ತ 10.5 ಸೆಂ.ಮೀ. ಮೀರುವುದೇ ಇಲ್ಲ. ಹದಿನೆಂಟರಲ್ಲಿ ಅದನ್ನು ಕಳೆದರೆ 7.5, ಅಂದರೆ ಎಂಟನೇ ಪಕ್ಕಾಸು ಇರಬೇಕಾದ ಜಾಗ. ಎಷ್ಟು ಪಕ್ಕಾಸು ಬರೆದರೂ ಮಾಡು ಎದುರಿನ ಗೋಡೆಯನ್ನು ಮುಟ್ಟುವುದಿಲ್ಲ! ನಿಜದಲ್ಲಿ ಕುಗ್ಗುವಿಕೆಯ ಪ್ರಮಾಣವೇ ನಿಧಾನವಾಗುತ್ತ ಹೋಗುತ್ತದೆ. ಮೊದಲು ಏಳರಲ್ಲಿ ಐದು, ಆಮೇಲೆ ನಾಲ್ಕರಲ್ಲಿ ಮೂರು, ಆಮೇಲೆ ಒಂಬತ್ತರಲ್ಲಿ ಏಳು.

ಲೆಕ್ಕ ಬೇಡವೆನ್ನುವವರಿಗೆ ಕರ್ಣರೇಖೆ ಇದೆ. ಮೊದಲ ಪಕ್ಕಾಸು ಮತ್ತು ಎದುರುಗೋಡೆಗೆ ತಾಗಿದ ಕೊನೆಯ ಪಕ್ಕಾಸನ್ನು ಬರೆದುಕೊಳ್ಳಿ. ಮೊದಲನೆಯದನ್ನು ಬುಡದಿಂದ ತುದಿಯವರೆಗೆ ಏಳು ಸಮಭಾಗ ಮಾಡಿ, ಪ್ರತಿ ಗುರುತಿನಿಂದ ಕೂಡುಬಿಂದುವಿಗೆ ತೆಳುಗೆರೆ ಎಳೆಯಿರಿ. ಈಗ ಮೊದಲನೆಯದರ ತುದಿಯಿಂದ ಕೊನೆಯದರ ಬುಡಕ್ಕೆ ಒಂದು ಕರ್ಣ. ಅದು ತೆಳುಗೆರೆಗಳನ್ನು ಕತ್ತರಿಸುವ ಆರು ಜಾಗಗಳ ಮೂಲಕ ಉಳಿದ ಆರು ಪಕ್ಕಾಸುಗಳು ಹಾದುಹೋಗುತ್ತವೆ. ಒಂದರಿಂದ ಮುಂದಿನದನ್ನು, ಅದರಿಂದ ಅದರ ಮುಂದಿನದನ್ನು ಹುಡುಕುವ ವಿಧಾನವೂ ಇದೆ, ಆದರೆ ಅಲ್ಲಿ ಪೆನ್ಸಿಲ್ ಮೊನೆಯಷ್ಟು ತಪ್ಪು ಪ್ರತಿ ಹೆಜ್ಜೆಗೂ ಕೂಡುತ್ತ ಹೋಗುತ್ತದೆ. ಎರಡು ತುದಿಗಳನ್ನು ಕಟ್ಟಿಹಾಕಿ ನಡುವನ್ನು ಹಂಚುವುದೇ ನನಗೆ ಮೆಚ್ಚು.

ಇಷ್ಟಾದ ಮೇಲೂ ಒಂದು ತಪ್ಪಿಗೆ ಜಾಗ ಉಳಿದಿದೆ, ಕಂಪ್ಯೂಟರಿನಲ್ಲಿ ಬಣ್ಣ ತುಂಬುವವರೂ ಇದನ್ನು ಮಾಡುತ್ತಾರೆ. ಪಕ್ಕಾಸು ಬರೀ ಗೆರೆಯಲ್ಲ, ಅದಕ್ಕೆ ದಪ್ಪವಿದೆ. 2 ಇಂಚು ಅಗಲ, ಹಲಗೆಯಿಂದ ಕೆಳಕ್ಕೆ 4 ಇಂಚು ಇಳಿದಿರುವ ಪಕ್ಕಾಸು ತನ್ನ ಹಿಂದಿನ ಹಲಗೆಯನ್ನು ಮರೆಮಾಡುತ್ತದೆ. ಇಲ್ಲಿ ಲೆಕ್ಕ ಹಾಕಿದರೆ ಮೊದಲ ಎರಡು ಪಕ್ಕಾಸುಗಳ ನಡುವೆ ಅರ್ಧ ಅಡಿಯಷ್ಟು ಹಲಗೆ ಕಾಣುತ್ತದೆ, ಎರಡನೆಯ ಮತ್ತು ಮೂರನೆಯದರ ನಡುವೆ ಒಂದು ಸಣ್ಣ ಪಟ್ಟಿ. ಅಲ್ಲಿಂದಾಚೆಗೆ ಹಲಗೆಯೇ ಇಲ್ಲ, ಮರದ ಮೇಲೆ ಮರ ಮಾತ್ರ. ಹಾಗಿದ್ದರೂ ಕೋಣೆಯ ತುದಿಯವರೆಗೆ ಪಕ್ಕಾಸು, ಹಲಗೆ, ಪಕ್ಕಾಸು, ಹಲಗೆ ಎಂದು ಪಟ್ಟಿ ಬಳಿದ ಚಿತ್ರಗಳು ಬೇಕಾದಷ್ಟಿವೆ. ತೆಳ್ಳನೆಯ ಕಡ್ಡಿಗಳನ್ನು ಹಲಗೆಗೆ ಅಂಟಿಸಿದಂತೆ ಕಾಣುವ ಆ ಮಾಡುಗಳಿಗೆ ಭಾರವೇ ಇರುವುದಿಲ್ಲ.

ನೋಡುವವರು ಪಕ್ಕಕ್ಕೆ ತಿರುಗಿ ಗಿಡ್ಡ ಗೋಡೆಯನ್ನು ನೋಡಿದರೆ ನಿಯಮಗಳು ಅದಲುಬದಲಾಗುತ್ತವೆ. ಈಗ ಗೋಡೆಯ ಮೇಲಿನ ತೊಲೆ ನೋಟಕ್ಕೆ ಅಡ್ಡ, ಅದರ ಮೇಲೆ ಪಕ್ಕಾಸಿನ ಬುಡಗಳು ಸಮ ಅಂತರದಲ್ಲೇ ಬರುತ್ತವೆ. ಪಕ್ಕಾಸುಗಳಾದರೋ ನಮ್ಮಿಂದ ದೂರ ಹೋಗುತ್ತ ಕೆಳಗಿಳಿಯುತ್ತಿವೆ. ಆದ್ದರಿಂದ ಅವು ಸೇರುವ ಬಿಂದು ಕಣ್ಣಿನ ಮಟ್ಟದಲ್ಲಿರದೆ, ಕೂಡುಬಿಂದುವಿನ ನೇರ ಕೆಳಗೆ ಇರುತ್ತದೆ. ಕಣ್ಣಿನಿಂದ ಚಿತ್ರಕ್ಕೆ ಇರುವ ದೂರದ ಮೂರರಲ್ಲಿ ಎರಡು ಪಾಲಿನಷ್ಟು ಕೆಳಗೆ. ಆ ದೂರ 30 ಸೆಂ.ಮೀ. ಆದರೆ ಇದು 20 ಸೆಂ.ಮೀ. ಗೆರೆಗಳನ್ನು ಕಣ್ಣಿನ ಮಟ್ಟಕ್ಕೇ ಸೇರಿಸಿಬಿಟ್ಟರೆ ಇಳಿಜಾರು ಮಾಯವಾಗಿ ಚಪ್ಪಟೆ ಚಾವಣಿ ಸಿಗುತ್ತದೆ.

ಹಳೆಯ ಮನೆಗಳ ಅಟ್ಟದಲ್ಲಿ ಅಂತರಗಳು ಸಮವಾಗಿಯೇ ಇರುತ್ತವೆಂದು ನಂಬಬೇಡಿ. ಗಾಜಿನ ಹೆಂಚಿಗೋ ಹೊಗೆಗಂಡಿಗೋ ಬಡಗಿ ಒಂದು ಪಕ್ಕಾಸನ್ನು ಸರಿಸಿರುತ್ತಾನೆ. ಅಲ್ಲಿ ಕರ್ಣರೇಖೆ ಕೈಕೊಡುತ್ತದೆ, ಭಾಗಾಕಾರ ಕೊಡುವುದಿಲ್ಲ. ಟೇಪು ಹಿಡಿದು ಪ್ರತಿ ಪಕ್ಕಾಸಿನ ದೂರ ಅಳೆಯಿರಿ. ಮೂರನೆಯದು 14 ಅಡಿಯ ಬದಲು ಹದಿನಾಲ್ಕೂವರೆ ಅಡಿಯಲ್ಲಿದ್ದರೆ ಅದರ ಬುಡ 12.9ರ ಬದಲು 12.4 ಸೆಂ.ಮೀ.ಗೆ ಬರುತ್ತದೆ; ಉಳಿದವು ತಂತಮ್ಮ ಜಾಗದಲ್ಲೇ ಇರುತ್ತವೆ.