ಮೇಲ್ ತೆರೆಯುವ ಮುನ್ನವೇ ವಿಷಯ ತಿಳಿಯಲಿ

ಇಂಟರ್ನ್‌ಶಿಪ್ ಪ್ರಮಾಣಪತ್ರಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೇಕು, ಶುಕ್ರವಾರದೊಳಗೆ ಕಾಲೇಜಿಗೆ ಕೊಡಬೇಕು ಎನ್ನಿ. ಹೊಸಬರು ವಿಷಯದ ಸಾಲಿನಲ್ಲಿ ‘ರಿಕ್ವೆಸ್ಟ್’ ಎಂದೋ ‘ಅರ್ಜೆಂಟ್’ ಎಂದೋ ಬರೆದು ಕಳಿಸಿಬಿಡುತ್ತಾರೆ. ಏನು ಕೆಲಸ ಎಂಬುದು ಮೇಲ್ ತೆರೆಯುವವರೆಗೂ ತಿಳಿಯದು. ಹಿರಿಯರು ಮೀಟಿಂಗ್‌ಗಳ ನಡುವೆ ಮೊಬೈಲಿನಲ್ಲೇ ಮೇಲ್ ನೋಡುವುದುಂಟು. ಅಲ್ಲಿ ಉದ್ದನೆಯ ಸಾಲಿನ ಬಾಲ ಕತ್ತರಿಸಿಹೋಗುತ್ತದೆ. ಹಾಗಾಗಿ ಕೆಲಸ ಮತ್ತು ಗಡುವು ಮೊದಲು ಬರಲಿ: ‘ಶುಕ್ರವಾರದೊಳಗೆ ಸಹಿ ಬೇಕು: ಇಂಟರ್ನ್‌ಶಿಪ್ ಪ್ರಮಾಣಪತ್ರ’. ನಿಮ್ಮ ಹೆಸರು ಅಲ್ಲಿ ಬೇಡ, ಕಳಿಸಿದವರ ಹೆಸರು ಹೇಗೂ ಕಾಣುತ್ತದಲ್ಲ. ಹಳೆಯ ಯಾವುದೋ ಮೇಲಿಗೆ ಉತ್ತರಿಸುತ್ತಾ ಇದನ್ನು ಕೇಳಿದರೆ, ಆಮೇಲೆ ಹುಡುಕುವವರಿಗೆ ಪರದಾಟ.

ಸಂಬೋಧನೆಗೆ ಎಲ್ಲ ಕಡೆ ಒಂದೇ ರೂಢಿಯಿಲ್ಲ. ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳಲ್ಲಿ ಮೇಲಧಿಕಾರಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಅದು ಉದ್ಧಟತನ ಅನ್ನಿಸೀತು. ಮೊದಲ ಮೇಲಿಗೆ ‘ಡಿಯರ್’ ಜೊತೆ ಪೂರ್ಣ ಹೆಸರು, ಕನ್ನಡದಲ್ಲಾದರೆ ‘ಮಾನ್ಯರೇ’ ಸಾಕು. ಎರಡರಲ್ಲೂ ಗಂಡೋ ಹೆಣ್ಣೋ ಎಂದು ಊಹಿಸಬೇಕಿಲ್ಲ. ಕಿರಣ್ ಎಂಬವರಿಗೆ ‘ಸರ್’ ಎಂದು ಬರೆದ ಮೇಲೆ ಅವರು ಮಹಿಳೆ ಎಂದು ಗೊತ್ತಾದರೆ ಮುಜುಗರವೇ. ಅವರ ಉತ್ತರದ ಕೊನೆಯಲ್ಲಿ ಬರೀ ‘ಕಿರಣ್’ ಎಂದಿದ್ದರೆ, ಮುಂದಿನ ಸಲ ‘ಹಾಯ್ ಕಿರಣ್’ ಎನ್ನಲು ಅಡ್ಡಿಯಿಲ್ಲ.