ಬಿಡಿ ಬೆಲೆ, ಸಗಟು ಬೆಲೆ: ಒಂದು ಗಿಲಕಿಯ ಲೆಕ್ಕ

ಸಣ್ಣ ತಯಾರಕ ಅಂಗಡಿಯವನಿಗೆ ಕೊಡುವ ಸಗಟು ರಿಯಾಯಿತಿಯನ್ನು ಲಾಭದಲ್ಲಿ ಬಿಟ್ಟುಕೊಟ್ಟ ಪಾಲು ಎಂದು ತಿಳಿಯುವುದುಂಟು. ವಾಸ್ತವದಲ್ಲಿ ಅದು ಕೂಲಿ. ಸರಕನ್ನು ಗಿರಾಕಿಯ ಕೈಗೆ ಮುಟ್ಟಿಸಲು ಅಂಗಡಿ ಬಾಡಿಗೆ ಕಟ್ಟುವ, ಮಾಲು ಇಟ್ಟುಕೊಂಡು ಕಾಯುವ, ಮಾರಾಟವಾಗದೆ ಉಳಿದರೆ ನಷ್ಟ ಹೊರುವ ಕೆಲಸವನ್ನು ತಯಾರಕನ ಬದಲು ಇನ್ನೊಬ್ಬ ಮಾಡುತ್ತಾನೆ, ಅದಕ್ಕೆ ಈ ಕೂಲಿ ಸಲ್ಲುತ್ತದೆ. ಒಂದೇ ವಸ್ತುವಿಗೆ ಎರಡು ಮೂರು ಬೆಲೆಗಳಿರುವುದು ಇದರಿಂದಲೇ. ಯಾವ ಬೆಲೆಗೆ ಕನಿಷ್ಠ ಎಷ್ಟು ಕೊಳ್ಳಬೇಕು ಎಂಬ ನಿಯಮವೂ ಇದೇ ಲೆಕ್ಕದಿಂದ ಹುಟ್ಟುತ್ತದೆ.

ಚನ್ನಪಟ್ಟಣದಲ್ಲಿ ಲೇತ್ ಮೇಲೆ ತಯಾರಾಗುವ ಮರದ ಗಿಲಕಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೆಳಗಿನ ಮೊತ್ತಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಪೇಟೆಯ ಧಾರಣೆಯಲ್ಲ. ಮರ, ಅರಗು, ಬಣ್ಣ, ತಿರುಗಿಸುವವರ ಕೂಲಿ, ಡಬ್ಬಿ ಎಲ್ಲ ಸೇರಿ ಒಂದು ಗಿಲಕಿಗೆ 60 ರೂಪಾಯಿ ತಗಲುತ್ತದೆ ಎನ್ನೋಣ. ಕಾರ್ಯಾಗಾರದ ಬಾಡಿಗೆ, ಲೇತ್ ದುರಸ್ತಿ, ಮಾಲೀಕನ ಸ್ವಂತ ಸಂಬಳ ಇವು ತಿಂಗಳಿಗೆ 40,000. ತಿಂಗಳಿಗೆ 2,000 ಗಿಲಕಿ ತಯಾರಾದರೆ ಒಂದೊಂದರ ಮೇಲೆ ಇನ್ನೂ 20 ರೂಪಾಯಿ ಬೀಳುತ್ತದೆ. ಅಲ್ಲಿಗೆ ಅಸಲು 80. ಮಾಲೀಕನ ಸಂಬಳವನ್ನು ಇದರಲ್ಲಿ ಸೇರಿಸದೆ ಬಿಡುವುದು ಮನೆಯಲ್ಲೇ ದುಡಿಮೆ ಶುರುಮಾಡಿದವರು ಸಾಮಾನ್ಯವಾಗಿ ಮಾಡುವ ತಪ್ಪು. ಹಾಗೆ ಮಾಡಿದಾಗ ಕಾಣುವ ಲಾಭ ಅವರದೇ ಬೆವರಿನ ಬಾಕಿ.

ಈಗ ಬೆಲೆ. ತಯಾರಕ ಕಾರ್ಯಾಗಾರದ ಬಾಗಿಲಲ್ಲೇ ಮಾರುತ್ತ ಅಸಲಿನ ಮೇಲೆ 40 ರೂಪಾಯಿ ಇಟ್ಟು 120ಕ್ಕೆ ಕೊಡುತ್ತಿದ್ದಾನೆ ಎಂದುಕೊಳ್ಳೋಣ. ಬಾಗಿಲಿಗೆ ಬರುವವರು ಇರುವಷ್ಟು ದಿನ ಇದು ನಡೆಯುತ್ತದೆ. ಬೆಂಗಳೂರಿನ ಅಂಗಡಿಯವನೊಬ್ಬ ಬಂದು, ‘ಮಾರುವ ಬೆಲೆಯಲ್ಲಿ ಶೇ 35 ನಮಗಿರಲಿ’ ಎಂದ ದಿನ ಕಥೆ ಬದಲಾಗುತ್ತದೆ. 120ರಲ್ಲಿ ಶೇ 35 ಕಳೆದರೆ ಉಳಿಯುವುದು 78, ಅಂದರೆ ಅಸಲಿಗಿಂತ 2 ರೂಪಾಯಿ ಕಡಿಮೆ. ದೊಡ್ಡ ಆರ್ಡರ್ ಬಂದಷ್ಟೂ ನಷ್ಟ ದೊಡ್ಡದಾಗುತ್ತದೆ. ಬಿಡಿ ಬೆಲೆಯನ್ನು ಮೊದಲು ಕಟ್ಟಿ, ಸಗಟು ಬೆಲೆಯನ್ನು ಅದರಿಂದ ಕೊರೆದು ತೆಗೆಯಲು ಹೋದುದು ಇಲ್ಲಿನ ಎಡವಟ್ಟು. ಲೆಕ್ಕ ಹಿಡಿಯಬೇಕಾದದ್ದು ತಳದಿಂದ: ಎಲ್ಲರಿಗಿಂತ ಅಗ್ಗವಾಗಿ ಕೊಳ್ಳುವವನ ಬೆಲೆಯಲ್ಲೂ ಲಾಭ ಉಳಿಯಬೇಕು, ಉಳಿದ ಬೆಲೆಗಳು ಅದರ ಮೇಲೆ ಏರಬೇಕು.

ಹಾಗೆ ಮಾಡಿದರೆ ಏಣಿ ಹೀಗಿರುತ್ತದೆ. ಹಲವು ಅಂಗಡಿಗಳಿಗೆ ಹಂಚುವ ಸಗಟುದಾರನಿಗೆ 109, ನೇರವಾಗಿ ಕೊಳ್ಳುವ ಅಂಗಡಿಗೆ 124, ಬಿಡಿ ಗಿರಾಕಿಗೆ 190. ಜಿಎಸ್‌ಟಿ ಶೇ 5 ಎಂದು ಹಿಡಿದು ಕೊನೆಯದಕ್ಕೆ ಸೇರಿಸಿದರೆ ಡಬ್ಬಿಯ ಮೇಲೆ ಅಚ್ಚಾಗುವ ಎಂಆರ್‌ಪಿ 200. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರಬೇಕೆಂಬುದು ಕಾನೂನು. ಹೀಗಾಗಿ ಮಾರ್ಜಿನ್ನಿನ ಮಾತುಕತೆ ತೆರಿಗೆ ಕಳೆದ 190ರ ಮೇಲೋ, ಅಚ್ಚಾದ 200ರ ಮೇಲೋ ಎಂಬುದನ್ನು ಮೊದಲೇ ಬಿಡಿಸಿಕೊಳ್ಳುವುದು ಕ್ಷೇಮ.

ಶೇಕಡಾವಾರಿನಲ್ಲೇ ಇನ್ನೊಂದು ಗೊಂದಲವಿದೆ. ಅಂಗಡಿಯವನು 124ಕ್ಕೆ ಕೊಂಡು 190ಕ್ಕೆ ಮಾರಿದಾಗ ಸಿಗುವ 66 ರೂಪಾಯಿ ಮಾರಿದ ಬೆಲೆಯ ಶೇ 35, ಕೊಂಡ ಬೆಲೆಯ ಶೇ 53. ಅವನು ‘ಮೂವತ್ತೈದು’ ಎಂದಾಗ ಮಾರುವ ಬೆಲೆಯ ಲೆಕ್ಕ ಹೇಳುತ್ತಿರುತ್ತಾನೆ. ತಯಾರಕ ಅದನ್ನು 124ರ ಮೇಲೆ ಕೂಡಿಸಿ 167 ಎಂದು ಡಬ್ಬಿ ಅಚ್ಚು ಹಾಕಿಸಿದರೆ ಅಂಗಡಿಯವನು ಸರಕು ಎತ್ತುವುದಿಲ್ಲ. ಅಚ್ಚಾದ ಡಬ್ಬಿಗಳು ಮೂಲೆ ಸೇರುತ್ತವೆ.

190ಕ್ಕೆ ತಾನೇ ಮಾರಿದರೆ ತಯಾರಕನಿಗೆ 110 ರೂಪಾಯಿ ಲಾಭವಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಮೇಳದ ಮಳಿಗೆ ಬಾಡಿಗೆ, ಅಲ್ಲಿ ನಿಲ್ಲುವವರ ಸಂಬಳ, ಒಂಟಿ ಪಾರ್ಸೆಲ್ಲಿನ ಕೊರಿಯರ್, ಮುರಿದು ವಾಪಸಾಗುವ ಮಾಲು ಇವನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಅಂಕಿ. ಆ ಖರ್ಚು ಕಡಿಮೆಯಾದರೂ ಕಾರ್ಯಾಗಾರದಲ್ಲಿ 130ಕ್ಕೆ ಮಾರುವಂತಿಲ್ಲ. ಎಂಆರ್‌ಪಿಗಿಂತ ಕಡಿಮೆಗೆ ಮಾರುವುದು ತಪ್ಪಲ್ಲ, ನಿಜ. ಆದರೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವ ಗಿರಾಕಿ ಎರಡೂ ಬೆಲೆ ಕಾಣುತ್ತಾನೆ, ನಗರದ ಅಂಗಡಿಯವನು ಎರಡನೇ ಸಲ ಆರ್ಡರ್ ಕೊಡುವುದಿಲ್ಲ.

ಇನ್ನು ಕನಿಷ್ಠ ಪ್ರಮಾಣ. ಪ್ರತಿ ಆರ್ಡರಿಗೂ, ಅದು ಚಿಕ್ಕದಿರಲಿ ದೊಡ್ಡದಿರಲಿ, ತಪ್ಪದೆ ತಗಲುವ ಖರ್ಚೊಂದಿದೆ: ಬಿಲ್ಲು ಬರೆಯುವುದು, ಪೆಟ್ಟಿಗೆ ಕಟ್ಟುವುದು, ಪಾರ್ಸೆಲ್ ಆಫೀಸಿಗೆ ಸಾಗಿಸುವುದು, ಹಣಕ್ಕೆ ನೆನಪಿಸುವುದು. ಇದು 500 ರೂಪಾಯಿ ಇರಲಿ. ಅಂಗಡಿ ಬೆಲೆಯಲ್ಲಿ ಒಂದು ಗಿಲಕಿಗೆ 44 ರೂಪಾಯಿ ಲಾಭವಿದ್ದು, ಅದರಲ್ಲಿ ಸುಮಾರು ಮೂರನೇ ಒಂದು ಭಾಗ, 15 ರೂಪಾಯಿಯನ್ನು ಈ ಖರ್ಚಿಗೆ ಬಿಡಬಹುದು ಎಂದಾದರೆ 500ನ್ನು 15ರಿಂದ ಭಾಗಿಸಬೇಕು. ಬರುವುದು 33 ಚಿಲ್ಲರೆ, ಡಜನ್ ಲೆಕ್ಕದಲ್ಲಿ ಮೂರು ಡಜನ್.

ಅಂಗಡಿಯವನು ತನ್ನದೇ ಬಣ್ಣ ಕೇಳಿದರೆ ಅಂಕಿ ಏರುತ್ತದೆ. ಅರಗಿನ ಕೆಲಸದಲ್ಲಿ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಅರಗನ್ನು ಕಾಯಿಸಿ ಬಣ್ಣದೊಡನೆ ನಾದಿ ಕಡ್ಡಿ ಮಾಡಿ, ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಹತ್ತುತ್ತದೆ. ಹೊಸ ಬಣ್ಣವೆಂದರೆ ಹೊಸ ಕಡ್ಡಿ, ಅರ್ಧ ದಿನದ ಕೂಲಿ, ಬಣ್ಣ ಕೂಡಿಬರುವವರೆಗೆ ಹಾಳಾಗುವ ನಾಲ್ಕೈದು ಗಿಲಕಿ. ಇದಕ್ಕೆ ಇನ್ನೊಂದು ಸಾವಿರ ಸೇರಿಸಿ 15ರಿಂದ ಭಾಗಿಸಿದರೆ ಕನಿಷ್ಠ 100 ಗಿಲಕಿ. ಡಬ್ಬಿಯ ಮೇಲೆ ಅಂಗಡಿಯ ಹೆಸರು ಬೇಕೆಂದರೆ ತಯಾರಕನೇ ಮುದ್ರಕನ ಕನಿಷ್ಠ ಪ್ರಮಾಣಕ್ಕೆ ಸಿಕ್ಕಿಬೀಳುತ್ತಾನೆ. ಮುದ್ರಕ ಸಾವಿರಕ್ಕಿಂತ ಕಡಿಮೆ ಹೊಡೆಯುವುದಿಲ್ಲ ಎಂದರೆ ಸಾದಾ ಡಬ್ಬಿಗೆ ಚೀಟಿ ಅಂಟಿಸುವುದೇ ದಾರಿ.

ಸಗಟುದಾರನಿಗೆ ಇನ್ನೂ 15 ರೂಪಾಯಿ ಇಳಿಸಿದ್ದು ಸರಿಯೇ ಎಂಬುದನ್ನೂ ಹೀಗೇ ತೂಗಬಹುದು. ಅವನು ಒಮ್ಮೆಗೆ 300 ಗಿಲಕಿ ಎತ್ತುತ್ತಾನೆ, ತಯಾರಕ ಬಿಟ್ಟುಕೊಡುವುದು 4,500 ರೂಪಾಯಿ. ಇಷ್ಟನ್ನೇ ಮೂರು ಮೂರು ಡಜನ್ನಿನಂತೆ ಕಳಿಸಿದ್ದರೆ ಎಂಟು ಆರ್ಡರ್ ಆಗುತ್ತಿತ್ತು. ಈಗ ಒಂದೇ ಆದ್ದರಿಂದ ಏಳರ ಖರ್ಚು, 3,500, ಉಳಿಯಿತು. ಮಿಕ್ಕ ಸಾವಿರ ಎಂಟು ಅಂಗಡಿಗಳಿಂದ ವಸೂಲಿ ಮಾಡುವ ತಲೆನೋವನ್ನು ಅವನಿಗೆ ದಾಟಿಸಿದ್ದರ ಬೆಲೆ. ಅವನು ಸರಕನ್ನು ಉದ್ರಿ ಒಯ್ದು ಮಾರಿದ ಮೇಲೆ ಹಣ ಕೊಡುವವನಾದರೆ ಆ ತಲೆನೋವು ದಾಟಿಯೇ ಇಲ್ಲ, 109ರ ಬೆಲೆಗೆ ಅವನು ಅರ್ಹನೂ ಅಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ಯಮಕ್ಕೆ ಹಣ ಸಲ್ಲಿಸಲು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಉದ್ಯಮ್ ನೋಂದಣಿ ಇದ್ದರೆ ಇದನ್ನು ಕೇಳಲು ಬಲ ಬರುತ್ತದೆ.

ಮಿತಿಯ ಅಂಚಿನಲ್ಲಿ ಒಂದು ಸೋಜಿಗ ಕಾಣುತ್ತದೆ. 280 ಗಿಲಕಿಗೆ 124ರಂತೆ 34,720 ಆದರೆ, 300ಕ್ಕೆ 109ರಂತೆ 32,700. ಹೆಚ್ಚು ಕೊಂಡವನಿಗೆ ಒಟ್ಟು ಬಿಲ್ಲೇ ಕಡಿಮೆ! ಚಾಣಾಕ್ಷ ಅಂಗಡಿಯವನು 300 ಎತ್ತಿ, ಹೆಚ್ಚಾದದ್ದನ್ನು ಪಕ್ಕದವನಿಗೆ ಅಗ್ಗಕ್ಕೆ ದಾಟಿಸುತ್ತಾನೆ. 150ಕ್ಕೆ 116 ಎಂಬ ನಡುಮೆಟ್ಟಿಲು ಇಟ್ಟರೆ ಈ ಜಿಗಿತ ತಗ್ಗುತ್ತದೆ.

ಕನಿಷ್ಠ ಪ್ರಮಾಣಕ್ಕೆ ಮೇಲಿನಿಂದಲೂ ಒಂದು ಕಟ್ಟು ಇದೆ, ಅದು ಅಂಗಡಿಯ ಮಾರಾಟದ ವೇಗ. ತಿಂಗಳಿಗೆ ಒಂದು ಡಜನ್ ಗಿಲಕಿ ಮಾರುವ ಅಂಗಡಿಗೆ ಮೂರು ಡಜನ್ ಎಂದರೆ ಮೂರು ತಿಂಗಳ ಮಾಲು. ಅದಕ್ಕಿಂತ ಹೆಚ್ಚು ಹೇರಿದರೆ ಬಣ್ಣ ಮಾಸಿದ ಡಬ್ಬಿಗಳು ಕಪಾಟಿನಲ್ಲಿ ಕೂರುತ್ತವೆ, ಮರು ಆರ್ಡರ್ ಬರುವುದಿಲ್ಲ. ಮೊದಲ ಸಲ ಕೊಂಡ ಅಂಗಡಿಗಳಲ್ಲಿ ಬಹುಪಾಲು ತಿರುಗಿ ಬರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಈ ಅಂಕಿಯನ್ನೇ. ಹಾಗಾಗಿ ಹಲವರು ಮಿತಿಯನ್ನು ಎಣಿಕೆಯ ಬದಲು ಹಣದಲ್ಲಿ ಹೇಳುತ್ತಾರೆ: ಒಟ್ಟು ಬಿಲ್ಲು 4,500 ರೂಪಾಯಿ ದಾಟಿದರೆ ಸಾಕು, ಗಿಲಕಿ, ಬುಗುರಿ, ಗಾಡಿ ಯಾವುದನ್ನಾದರೂ ಡಜನ್ನಿನಂತೆ ಬೆರೆಸಿ ಕೊಳ್ಳಬಹುದು. ಪಾರ್ಸೆಲ್ ಖರ್ಚು ಮೊದಲಿನಂತೆಯೇ ತುಂಬಿಬರುತ್ತದೆ, ಅಂಗಡಿಗೂ ಒಂದೇ ಸರಕಿನ ಹೊರೆ ಬೀಳುವುದಿಲ್ಲ. ಹೊಸ ಬಣ್ಣದ ಆರ್ಡರಿಗೆ ಮಾತ್ರ ಈ ಸಡಿಲಿಕೆ ಹೊಂದದು. ಕಡ್ಡಿ ತಯಾರಾದ ಮೇಲೆ ನೂರು ಗಿಲಕಿಯ ಮಾತು ನೂರಕ್ಕೇ ನಿಲ್ಲಬೇಕು.