ಹೆಬ್ಬೆರಳ ಬುಡದ ತೂತು

ಕೈಯಲ್ಲಿ ಹೆಣೆದ ಮಿಟನ್ ಯಾರಾದರೂ ತೋರಿಸಿದರೆ ನಾನು ಮೊದಲು ನೋಡುವುದು ಅದರ ಡಿಸೈನನ್ನಲ್ಲ, ಹೆಬ್ಬೆರಳು ಅಂಗೈಗೆ ಕೂಡುವ ಸಂದಿಯನ್ನು. ಹತ್ತರಲ್ಲಿ ಎಂಟು ಸಲ ಅಲ್ಲಿ ಎರಡೂ ಮೂಲೆಗಳಲ್ಲಿ ಕಡ್ಡಿಯ ತುದಿ ಸಲೀಸಾಗಿ ತೂರುವಷ್ಟು ತೂತು ಇರುತ್ತದೆ. ಹೆಣೆದವರಿಗೂ ಅದು ಗೊತ್ತಿರುತ್ತದೆ. ತೋರಿಸುವಾಗ ಅಲ್ಲಿಗೇ ಹೆಬ್ಬೆರಳು ಒತ್ತಿ ಹಿಡಿದಿರುತ್ತಾರೆ.

ಮಿಟನ್ ಎಂದರೆ ನಾಲ್ಕು ಬೆರಳೂ ಒಂದೇ ಚೀಲದಲ್ಲಿ, ಹೆಬ್ಬೆರಳು ಮಾತ್ರ ಬೇರೆ ಇರುವ ಕೈಗವಸು. ಬೆರಳುಗಳು ಒಂದಕ್ಕೊಂದು ತಾಗಿಕೊಂಡು ಬೆಚ್ಚಗಿರುವುದರಿಂದ ಹಿಮ ಬೀಳುವ ಊರುಗಳಲ್ಲಿ ಐದು ಬೆರಳಿನ ಗ್ಲೌಸಿಗಿಂತ ಇದೇ ಮೇಲು. ಬೆಂಗಳೂರಿನ ಡಿಸೆಂಬರಿಗೆ ಇದು ಬೇಕಾಗಿಲ್ಲ. ಟೊರಾಂಟೊದಲ್ಲಿರುವ ಮೊಮ್ಮಗಳಿಗೆ ಹೆಣೆದು ಕಳಿಸುವ ಅಜ್ಜಿಗೆ ಬೇಕು.

ಹೆಬ್ಬೆರಳು ಅಂಗೈಯ ಪಕ್ಕದಿಂದ ಥಟ್ಟನೆ ಹೊರಡುವುದಿಲ್ಲ. ಮಣಿಕಟ್ಟಿನ ಹತ್ತಿರದಿಂದಲೇ ಅದರ ಉಬ್ಬು ಶುರುವಾಗುತ್ತದೆ. ಆ ಉಬ್ಬಿಗೆ ಜಾಗ ಕೊಡಲು ಅಂಗೈಯ ಪಕ್ಕದಲ್ಲಿ ಬೆಣೆಯಾಕಾರದ ಒಂದು ತುಂಡನ್ನು ಬೆಳೆಸುತ್ತಾರೆ. ಅದೇ ಗಸೆಟ್. ಜುಬ್ಬಾದ ಕಂಕುಳಿಗೆ ಟೈಲರ್ ಸೇರಿಸುವ ಚೌಕ ತುಂಡಿನ ಕೆಲಸವೂ ಇದೇ: ಅಂಗ ಚಾಚಿದಾಗ ಬಟ್ಟೆ ಎಳೆಯಬಾರದು. ವ್ಯತ್ಯಾಸವೆಂದರೆ ಇಲ್ಲಿ ಬೇರೆ ತುಂಡು ಹೊಲಿಯುವುದಿಲ್ಲ, ಹೆಣೆಯುತ್ತಲೇ ಕುಣಿಕೆಗಳನ್ನು ಹೆಚ್ಚಿಸುತ್ತಾ ಹೋಗುತ್ತೇವೆ.

ಒಂದು ಜೋಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಮಧ್ಯಮ ದಪ್ಪದ ಉಲ್ಲನ್, 4 ಮಿಲಿಮೀಟರಿನ ಕಡ್ಡಿ, ಇಂಚಿಗೆ 5 ಕುಣಿಕೆ. ಅಂಗೈ ಸುತ್ತಳತೆ ಸುಮಾರು 7 ಇಂಚು ಇರುವ ಹೆಂಗಸರ ಕೈಗೆ 36 ಕುಣಿಕೆ ಸಾಕು. ಮಣಿಕಟ್ಟಿನ ಸೀದಾ-ಉಲ್ಟಾ ಪಟ್ಟಿ ಮುಗಿಸಿ, ಎರಡು ಸುತ್ತು ಸೀದಾ ಹೆಣೆದು, ಪಕ್ಕದ ಒಂದು ಕುಣಿಕೆಯ ಆಚೆ-ಈಚೆ ಮಾರ್ಕರ್ ಹಾಕಿ. ಆ ಒಂಟಿ ಕುಣಿಕೆಯೇ ಗಸೆಟ್ಟಿನ ಬೀಜ. ಪ್ರತಿ ಮೂರನೇ ಸುತ್ತಿನಲ್ಲಿ ಎರಡು ಮಾರ್ಕರ್‌ಗಳ ಒಳಗೆ ಆ ತುದಿಯಲ್ಲೊಂದು, ಈ ತುದಿಯಲ್ಲೊಂದು ಹೆಚ್ಚಿಸಿದರೆ 1 ಇದ್ದದ್ದು 3, 5, 7 ಎಂದು ಬೆಳೆದು ಆರು ಸಲಕ್ಕೆ 13 ಆಗುತ್ತದೆ. ಕಡ್ಡಿಯ ಮೇಲೆ ಒಟ್ಟು 48. ಗಸೆಟ್ ಪಕ್ಕದಲ್ಲೇ ಇರುವುದರಿಂದ ಎಡ-ಬಲ ಎಂಬ ಭೇದವಿಲ್ಲ, ಒಂದೇ ಥರ ಎರಡು ಹೆಣೆದರೆ ಆಯಿತು.

ಹೆಚ್ಚಿಸುವಾಗ ಅಕ್ಕಪಕ್ಕದ ಕುಣಿಕೆಗಳ ನಡುವೆ ಹಾಯುವ ಅಡ್ಡ ಎಳೆಯನ್ನು ಎತ್ತಿಕೊಂಡು, ಅದನ್ನು ತಿರುಚಿ ಹೆಣೆಯಬೇಕು. ತಿರುಚದೆ ಹೆಣೆದರೆ ಪ್ರತಿ ಸಲವೂ ಒಂದು ಕಿಂಡಿ ಬಿಟ್ಟುಕೊಂಡು ಹೋಗುತ್ತದೆ. ಈ ತಿರುಚುವ ವಿಷಯ ಮುಂದೆ ಮತ್ತೆ ಬರುತ್ತದೆ.

ಹೆಬ್ಬೆರಳ ಕವಲು ಬಂದಾಗ ಗಸೆಟ್ಟಿನ 13 ಕುಣಿಕೆಗಳನ್ನು ಪಕ್ಕಕ್ಕಿಟ್ಟು ಅಂಗೈ ಮುಂದುವರಿಸಬೇಕು. ಅದಕ್ಕೆ ಬೇಕಾದದ್ದು ಒಂದು ಗೇಣುದ್ದದ ಬೇರೆ ದಾರ. ಬಣ್ಣ ಎದ್ದು ಕಾಣುವಂತಿರಲಿ, ದಾರ ನುಣುಪಾಗಿರಲಿ. ಹತ್ತಿಯ ದಾರ ಒಳ್ಳೆಯದು. ನವಿರೆದ್ದ ಉಲ್ಲನ್ ಹಾಕಿದರೆ ಎಳೆದು ತೆಗೆದ ಮೇಲೂ ಅದರ ಕೆಂಪು ಕೂದಲು ಬಿಳಿಯ ಮಿಟನ್ನಿನಲ್ಲಿ ಉಳಿದುಕೊಳ್ಳುತ್ತದೆ. ದಾರವನ್ನು ಮೊಂಡು ತುದಿಯ ದಬ್ಬಳಕ್ಕೆ ಪೋಣಿಸಿ, ಕಡ್ಡಿಯ ಮೇಲಿರುವ ಕ್ರಮದಲ್ಲೇ ಒಂದೊಂದು ಕುಣಿಕೆಯೊಳಗೂ ಹಾಯಿಸಿ. ಉಲ್ಲನ್ನಿನ ಎಳೆಯನ್ನು ಸೀಳಿಕೊಂಡು ಹೋಗಬಾರದು, ಕುಣಿಕೆ ತಿರುಗಲೂಬಾರದು. ದಾರದ ಎರಡು ತುದಿಗಳನ್ನು ಸಡಿಲವಾಗಿ ಗಂಟು ಹಾಕಿ. ಇದಕ್ಕೆಂದೇ ದೊಡ್ಡ ಸೇಫ್ಟಿ ಪಿನ್ನಿನಂಥ ಲೋಹದ ಹೋಲ್ಡರ್ ಸಿಗುತ್ತದೆ, ನನಗೆ ಅದು ಇಷ್ಟವಿಲ್ಲ. ದಾರ ಬಾಗುತ್ತದೆ, ಹೆಬ್ಬೆರಳು ಹೊರಗೆ ಹಾಕಿ ಮಿಟನ್ ತೊಟ್ಟು ಅಳತೆ ನೋಡಬಹುದು; ಪಿನ್ ಇದ್ದರೆ ಚುಚ್ಚುತ್ತದೆ.

ಈಗ ಕಡ್ಡಿಯ ಮೇಲೆ 35 ಉಳಿದಿವೆ. ಖಾಲಿ ಜಾಗದ ಮೇಲೆ ಹೊಸದಾಗಿ ಒಂದು ಕುಣಿಕೆ ಹಾಕಿ ಮತ್ತೆ 36 ಮಾಡಿಕೊಂಡು, ಅದರ ಪಕ್ಕದ ಕುಣಿಕೆಯನ್ನು ಸ್ವಲ್ಪ ಬಿಗಿಯಾಗಿ ಹೆಣೆದು, ಬೆರಳ ತುದಿಯವರೆಗೆ ಹೆಣೆದು ಮುಗಿಸಿ.

ನಂತರ ಹೆಬ್ಬೆರಳು. ಅವಸರದಲ್ಲಿ ದಾರ ಎಳೆದುಬಿಟ್ಟರೆ ಹದಿಮೂರೂ ಬಿಚ್ಚಿಕೊಳ್ಳಲು ಕಾದು ಕೂತಿರುತ್ತವೆ. ಮೊದಲು ಎಲ್ಲ ಕುಣಿಕೆಗಳೂ ಕಡ್ಡಿಗೇರಲಿ, ಎಣಿಸಿ, ಆಮೇಲೆ ದಾರ ತೆಗೆಯಿರಿ.

ತೂತು ಹುಟ್ಟುವುದು ಇಲ್ಲಿ. ಗಸೆಟ್ಟಿನ ಕೊನೆಯ ಕುಣಿಕೆಗೂ ಅದರ ಪಕ್ಕದ ಅಂಗೈ ಕುಣಿಕೆಗೂ ನಡುವೆ ಒಂದು ಅಡ್ಡ ಎಳೆ ಇದೆ. ಒಂದು ಕುಣಿಕೆ ಹೆಬ್ಬೆರಳ ಕಡೆ ಹೋಯಿತು, ಇನ್ನೊಂದು ಅಂಗೈಯ ಕಡೆ ಹೋಯಿತು; ಇಬ್ಬರೂ ಎಳೆದು ಆ ಎಳೆಯನ್ನು ಉದ್ದ ಮಾಡುತ್ತಾರೆ. ಬೇರೆಲ್ಲ ಕಡೆ ಮೇಲಿನ ಸುತ್ತು ಬಂದು ಎರಡು ಕುಣಿಕೆಗಳನ್ನೂ ಜೋಡಿಸುತ್ತದೆ, ಈ ಮೂಲೆಯಲ್ಲಿ ಮಾತ್ರ ಜೋಡಿಸುವವರು ಯಾರೂ ಇಲ್ಲ. ಆದ್ದರಿಂದ ಎಷ್ಟೇ ಬಿಗಿಯಾಗಿ ಹೆಣೆಯುವವರಿಗೂ ತೂತು ಬರುತ್ತದೆ. ಅದು ಕೈಯ ದೋಷವಲ್ಲ, ಕವಲಿನ ಸ್ವಭಾವ.

ಖಾಲಿ ಜಾಗದ ಮೇಲೆ ನಾವು ಹಾಕಿದ್ದು ಒಂದೇ ಕುಣಿಕೆ. ಆದರೆ ಅಲ್ಲಿಂದ ಎತ್ತಿಕೊಳ್ಳಬೇಕಾದದ್ದು ಮೂರು: ಅದರದೊಂದು, ಎರಡು ಮೂಲೆಗಳಿಂದ ಒಂದೊಂದು. ಹೊಸ ಉಲ್ಲನ್ನಿಗೆ ಒಂದು ಗೇಣು ಬಾಲ ಬಿಟ್ಟು 13 ಕುಣಿಕೆ ಹೆಣೆಯಿರಿ. ಮೂಲೆಗೆ ಬಂದಾಗ ಆ ಸಡಿಲ ಅಡ್ಡ ಎಳೆಯನ್ನು ಕಡ್ಡಿಗೆ ಎತ್ತಿ, ಹಿಂಬದಿಯ ಕಾಲಿಗೆ ಕಡ್ಡಿ ತೂರಿಸಿ ತಿರುಚಿ ಹೆಣೆಯಿರಿ. ಎಳೆ ತನ್ನನ್ನೇ ಅಡ್ಡ ಹಾಯ್ದು ಕಿಂಡಿ ಮುಚ್ಚುತ್ತದೆ. ಎಳೆ ತೀರಾ ಜೋತು ಬಿದ್ದಿದ್ದರೆ ಅದನ್ನು ಬಿಟ್ಟು, ಪಕ್ಕದ ಗಟ್ಟಿ ಕುಣಿಕೆಯ ಒಂದು ಕಾಲಿನಿಂದ ಎತ್ತಿಕೊಳ್ಳುವುದು ಜಾಣತನ. ನಡುವಿನದನ್ನು ಎತ್ತಿ, ಇನ್ನೊಂದು ಮೂಲೆಯಲ್ಲೂ ಹಾಗೇ ಮಾಡಿ. ಈಗ 16.

ಹದಿನಾರು ಇಟ್ಟುಕೊಂಡರೆ ಹೆಬ್ಬೆರಳ ಬುಡ ಉಬ್ಬಿಕೊಳ್ಳುತ್ತದೆ. ಮುಂದಿನ ಸುತ್ತಿನಲ್ಲಿ 12 ಹೆಣೆದು, ಹದಿಮೂರನೆಯದನ್ನೂ ಮೂಲೆಯಲ್ಲಿ ಎತ್ತಿದ್ದನ್ನೂ ಸೇರಿಸಿ ಒಂದಾಗಿ ಹೆಣೆಯಿರಿ, ನಡುವಿನದು ಒಂದು, ಆಮೇಲೆ ಎರಡನೇ ಮೂಲೆಯದನ್ನು ಅದರ ಆಚೆಯ ಕುಣಿಕೆಯೊಂದಿಗೆ ಸೇರಿಸಿ ಹೆಣೆಯಿರಿ. ಉಳಿದದ್ದು 14, ಸುತ್ತಳತೆ ಮೂರು ಇಂಚಿಗೆ ತುಸು ಕಡಿಮೆ, ಹೆಬ್ಬೆರಳಿಗೆ ಹದ. ಹೀಗೆ ಸೇರಿಸಿ ಹೆಣೆಯುವುದು ಬರೀ ಸಂಖ್ಯೆ ಇಳಿಸುವುದಕ್ಕಲ್ಲ. ಹೆಬ್ಬೆರಳ ಕುಣಿಕೆಗೂ ಅಂಗೈಯ ಎಳೆಗೂ ಗಂಟು ಬೀಳುವುದೇ ಆಗ. ಅಲ್ಲಿಂದ ಉಗುರಿನ ಅರ್ಧದವರೆಗೆ ಹೆಣೆದು, ಎರಡೆರಡು ಸೇರಿಸಿ ಏಳಕ್ಕೆ ಇಳಿಸಿ, ಉಲ್ಲನ್ ಕತ್ತರಿಸಿ ಆ ಏಳರೊಳಗೆ ಹಾಯಿಸಿ ಬಿಗಿದರೆ ತುದಿ ಮುಚ್ಚುತ್ತದೆ.

ಮುಗಿದ ಮೇಲೆ ಕೈಯೊಳಗೆ ಹಾಕಿ, ಹೆಬ್ಬೆರಳನ್ನು ಪೂರ್ತಿ ಅಗಲಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮಡಚಿಟ್ಟಾಗ ಕಾಣದ ತೂತು ಆಗ ಕಾಣುತ್ತದೆ. ಇದ್ದರೆ ಬಿಚ್ಚಬೇಕಾಗಿಲ್ಲ, ಆರಂಭದಲ್ಲಿ ಬಿಟ್ಟ ಬಾಲ ಆ ಮೂಲೆಯಲ್ಲೇ ಇದೆ. ಮಿಟನ್ ಒಳಮಗ್ಗುಲು ಮಾಡಿ, ಬಾಲವನ್ನು ದಬ್ಬಳಕ್ಕೆ ಪೋಣಿಸಿ, ತೂತಿನ ಸುತ್ತಲಿನ ಉಬ್ಬುಗಳೊಳಗೆ ಒಂದು ಸುತ್ತು ಹಾಯಿಸಿ ಮೆಲ್ಲಗೆ ಎಳೆಯಿರಿ. ಜೋರಾಗಿ ಎಳೆದರೆ ತೂತಿನ ಬದಲು ಸುಕ್ಕು ಸಿಗುತ್ತದೆ. ಇನ್ನೊಂದು ಮೂಲೆಗೆ ಬೇರೆ ತುಂಡು ಉಲ್ಲನ್ ಬೇಕು.

ಗಸೆಟ್ಟಿನ ಗೋಜೇ ಬೇಡ ಎನ್ನುವ ಹೆಣಿಗೆಯೂ ಉಂಟು. ಲಾಟ್ವಿಯಾದ ಸಾಂಪ್ರದಾಯಿಕ ಮಿಟನ್ನುಗಳಿಗೆ ಗಸೆಟ್ ಇರುವುದಿಲ್ಲ. ಅಂಗೈ ತುಂಬ ಬಣ್ಣಬಣ್ಣದ ನಮೂನೆ ಇರುವಾಗ ಬೆಳೆಯುವ ಬೆಣೆ ಅದನ್ನು ಕೆಡಿಸೀತು. ಅವರು ಹೆಬ್ಬೆರಳ ಜಾಗದ ಕುಣಿಕೆಗಳನ್ನು ಬೇರೆ ದಾರದಿಂದಲೇ ಒಂದು ಸಾಲು ಹೆಣೆದು, ಅವನ್ನೇ ಮತ್ತೆ ಮಿಟನ್ನಿನ ಉಲ್ಲನ್ನಿಂದ ಹೆಣೆದು ಮುಂದೆ ಹೋಗುತ್ತಾರೆ. ಕೊನೆಗೆ ಆ ದಾರ ಎಳೆದರೆ ಕೆಳಗೊಂದು ಸಾಲು, ಮೇಲೊಂದು ಸಾಲು ಕುಣಿಕೆ ಬಾಯಿ ತೆರೆಯುತ್ತವೆ. 2006ರಲ್ಲಿ ರಿಗಾದಲ್ಲಿ ನೇಟೋ ಶೃಂಗಸಭೆ ನಡೆದಾಗ ಅತಿಥಿಗಳಿಗೆ ಉಡುಗೊರೆ ಕೊಟ್ಟದ್ದು ಸಾವಿರಾರು ಜೋಡಿ ಕೈಹೆಣಿಗೆಯ ಮಿಟನ್. ನೋಡಲು ಚೆಂದ, ಆದರೆ ಹೆಬ್ಬೆರಳು ಚಾಚಿದರೆ ಅಂಗೈ ಸ್ವಲ್ಪ ಎಳೆಯುತ್ತದೆ. ಆ ಸೀಳಿಗೂ ಎರಡು ಮೂಲೆಗಳಿವೆ, ಅಲ್ಲಿಯೂ ಒಂದೊಂದು ಹೆಚ್ಚಿನ ಕುಣಿಕೆ ಎತ್ತಿ ತಿರುಚಲೇಬೇಕು.